ಚೆನ್ನಾಗಿದೆ ಅಂದವರು ದುಡ್ಡು ಕೊಟ್ಟರೇ?

ಖಾನಾವಳಿ ತೆರೆಯಲು ಹೊರಟವರು ಬರೆದುಕೊಂಡ ಲೆಕ್ಕದ ಹಾಳೆಯನ್ನು ಒಮ್ಮೆ ಇಸಿದುಕೊಂಡು ನೋಡಿ. ಖರ್ಚಿನ ಕಡೆ ಏನೂ ಬಿಟ್ಟುಹೋಗಿರುವುದಿಲ್ಲ. ಅಂಗಡಿಯ ಮುಂಗಡ, ಒಲೆ, ಫ್ರಿಜ್ಜು, ಹೊಗೆ ಕೊಳವೆ, ಬೋರ್ಡು, ಕೊನೆಗೆ ಪೂಜೆಯ ದಿನದ ಹೂವಿನ ದುಡ್ಡೂ ಇರುತ್ತದೆ. ಆದಾಯದ ಕಡೆ ಮಾತ್ರ ಒಂದೇ ಸಾಲು: ದಿನಕ್ಕೆ ನೂರು ಊಟ. ಈ ನೂರು ಎಲ್ಲಿಂದ ಬಂತು ಅಂತ ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ. "ತಿಂದವರೆಲ್ಲ ಚೆನ್ನಾಗಿದೆ ಅಂದಿದ್ದಾರೆ. ನೀವೊಂದು ಹೋಟೆಲ್ ಇಡಿ ಅಂತ ಅವರೇ ಹೇಳಿದ್ದು."

ಹೇಳಿದವರು ಸುಳ್ಳು ಹೇಳಿರುವುದಿಲ್ಲ. ಊಟ ನಿಜವಾಗಿಯೂ ಚೆನ್ನಾಗಿರುತ್ತದೆ. ಆದರೆ ಅವರು ತಿಂದದ್ದು ಪುಕ್ಕಟೆ, ತಿಂದದ್ದು ಒಂದು ಸಲ, ಹೊಗಳಿದ್ದು ಬಡಿಸಿದವರ ಎದುರಿಗೇ. ಅಂಗಡಿ ನಡೆಯಬೇಕಾದರೆ ಈ ಮೂರೂ ತಲೆಕೆಳಗಾಗಬೇಕು. ಪೂರ್ತಿ ಬೆಲೆ ಕೊಟ್ಟು, ಗುರುತಿಲ್ಲದವರು, ಮತ್ತೆ ಮತ್ತೆ ಬರಬೇಕು. ಹಾಗೆ ಬರುತ್ತಾರೋ ಇಲ್ಲವೋ ಎಂಬುದನ್ನು ಉಳಿತಾಯದ ದುಡ್ಡಿಗೆ ಕೈ ಹಾಕುವ ಮೊದಲೇ ತಿಳಿದುಕೊಳ್ಳಬಹುದು. ಬಾಗಲಕೋಟೆ ಕಡೆಯ ದಂಪತಿ ಬೆಂಗಳೂರಿನಲ್ಲಿ ಅದನ್ನು ತಿಳಿದುಕೊಂಡ ರೀತಿಯನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಹೆಸರು ಬೇಡ.

ಯಜಮಾನರು ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ಪಡೆದವರು. ಕೈಯಲ್ಲಿ ಹನ್ನೊಂದು ಲಕ್ಷ ಇತ್ತು. ಮನೆಯವರದು ರೊಟ್ಟಿ ಬಡಿಯುವುದರಲ್ಲಿ ಪಳಗಿದ ಕೈ. ಎಳ್ಳ ಅಮಾವಾಸ್ಯೆಗೆ ಅಪಾರ್ಟ್‌ಮೆಂಟಿನ ಹತ್ತಾರು ಮನೆಯವರನ್ನು ಕರೆದು ಸಜ್ಜಿ ರೊಟ್ಟಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸಿದರು. "ವೈನಿ, ನಿಮ್ಮ ಕೈ ರೊಟ್ಟಿ ತಿಂದ್ರ ಊರಿಗೆ ಹೋಗಿ ಬಂದಂಗಾತು" ಅಂದವರೂ ಇದ್ದರು. ಅಲ್ಲಿಂದ ಖಾನಾವಳಿಯ ಮಾತು ಹುಟ್ಟಿತು. ಮುಖ್ಯರಸ್ತೆಯಲ್ಲೊಂದು ಅಂಗಡಿಯನ್ನೂ ನೋಡಿದರು. ಬಾಡಿಗೆ ತಿಂಗಳಿಗೆ 28,000, ಮುಂಗಡ ಹತ್ತು ತಿಂಗಳದು. ಒಲೆ, ಪಾತ್ರೆ, ಟೈಲ್ಸು, ಬೋರ್ಡು, ಮೊದಲ ಮೂರು ತಿಂಗಳ ಕೈಖರ್ಚು ಎಲ್ಲ ಸೇರಿ ಒಂಬತ್ತು ಲಕ್ಷ. ಅಂಗಡಿ ಮುಚ್ಚಿದರೆ ಮುಂಗಡ ವಾಪಸು ಬಂದೀತು, ಅದೂ ಬಣ್ಣಕ್ಕೆ ರಿಪೇರಿಗೆ ಅಂತ ಮುರಿದುಕೊಂಡು. ಒಲೆ, ಫ್ರಿಜ್ಜು ಅರ್ಧ ಬೆಲೆಗೂ ಹೋಗುವುದು ಕಷ್ಟ. ಗೋಡೆಗೆ ಹಾಕಿದ ದುಡ್ಡು ಗೋಡೆಯಲ್ಲೇ ಉಳಿಯುತ್ತದೆ.

ಮುಂಗಡ ಕೊಡುವ ಮೊದಲು ಅವರು ಮಾಡಿದ ಒಳ್ಳೆಯ ಕೆಲಸವೆಂದರೆ ಆ "ದಿನಕ್ಕೆ ನೂರು" ಎಂಬ ಸಾಲನ್ನು ಹೊಡೆದುಹಾಕಿ, ಬೇರೆ ತುದಿಯಿಂದ ಲೆಕ್ಕ ಶುರುಮಾಡಿದ್ದು. ಎಷ್ಟು ಊಟ ಹೋಗಬಹುದು ಎಂಬುದರ ಬದಲು, ಎಷ್ಟು ಹೋಗಲೇಬೇಕು ಎಂಬುದನ್ನು ಕಂಡುಕೊಂಡರು.

ಒಂದು ಊಟಕ್ಕೆ ಮೂರು ರೊಟ್ಟಿ, ಎಣ್ಣೆಗಾಯಿ, ಮಡಿಕೆಕಾಳು ಪಲ್ಯ, ಹಿಂಡಿ, ಮೊಸರು, ಸ್ವಲ್ಪ ಅನ್ನ ಸಾರು, ಹಸಿ ಮೆಂತ್ಯ ಮತ್ತು ಈರುಳ್ಳಿ. ಹಿಟ್ಟು, ತರಕಾರಿ, ಎಣ್ಣೆ, ಗ್ಯಾಸು, ಡಬ್ಬಿ ಎಲ್ಲ ಸೇರಿ ಎಂಬತ್ತು ರೂಪಾಯಿ ಬಿದ್ದಿತು. 150ಕ್ಕೆ ಮಾರಿದರೆ ಊಟವೊಂದಕ್ಕೆ ಎಪ್ಪತ್ತು ಉಳಿಯುತ್ತದೆ. ಇನ್ನು ಊಟ ಹೋಗಲಿ ಬಿಡಲಿ ತಿಂಗಳಾದರೆ ಕೊಡಲೇಬೇಕಾದ ದುಡ್ಡು: ಬಾಡಿಗೆ 28,000, ಇಬ್ಬರು ಕೆಲಸದವರಿಗೆ 33,000, ಕರೆಂಟು ನೀರು ಚಿಲ್ಲರೆ 6,000, ತಮ್ಮ ಸಂಸಾರಕ್ಕೆ 30,000. ಈ ಕೊನೆಯದನ್ನು ಬಹಳ ಜನ ಬರೆದುಕೊಳ್ಳುವುದೇ ಇಲ್ಲ. ಒಟ್ಟು 97,000. ಇದನ್ನು ಎಪ್ಪತ್ತರಿಂದ ಭಾಗಿಸಿ, ಇಪ್ಪತ್ತಾರು ದಿನಕ್ಕೆ ಹಂಚಿದರೆ ದಿನಕ್ಕೆ ಐವತ್ತನಾಲ್ಕು ಊಟ ಬರುತ್ತದೆ.

ಈಗ ಬೆಲೆಯನ್ನು 120 ಮಾಡಿ ನೋಡಿ. ಊಟಕ್ಕೆ ಉಳಿಯುವುದು ನಲವತ್ತೇ ಆದ್ದರಿಂದ ದಿನಕ್ಕೆ ತೊಂಬತ್ತನಾಲ್ಕು ಊಟ ಹೋಗಬೇಕು. "ಮೊದಮೊದಲು ಜನ ಹಿಡಿಯಲಿ" ಅಂತ ನೂರಕ್ಕೆ ಇಳಿಸಿದರೆ ನೂರ ಎಂಬತ್ತೇಳು. ಇಬ್ಬರು ಕೆಲಸದವರ ಅಂಗಡಿಯಲ್ಲಿ, ಕೈಯಲ್ಲಿ ರೊಟ್ಟಿ ಬಡಿದು, ದಿನಕ್ಕೆ ನೂರ ಎಂಬತ್ತೇಳು ಊಟ ಯಾರಿಂದಲೂ ಆಗದು. ಬೆಲೆ ಮೂರನೇ ಒಂದು ಭಾಗ ಇಳಿದರೆ ಬೇಕಾದ ಗಿರಾಕಿ ಮೂರೂವರೆ ಪಟ್ಟು ಏರುತ್ತದೆ. ಹಾಗಾಗಿ ಪರೀಕ್ಷೆಗೆಂದು ರಿಯಾಯಿತಿ ಬೆಲೆಯಲ್ಲಿ ಮಾರಿ ನೋಡುವುದು ಬೇರೊಂದು ವ್ಯಾಪಾರವನ್ನು ಪರೀಕ್ಷೆ ಮಾಡಿದಂತೆ. ನೂರಕ್ಕೆ ಮುಗಿಬಿದ್ದವರಿಂದ 150ರ ಗಿರಾಕಿಯ ಬಗ್ಗೆ ಏನೂ ತಿಳಿಯುವುದಿಲ್ಲ. (ಮೊಬೈಲ್ ಆ್ಯಪ್ ಮೂಲಕ ಮಾರುವವರು ಈ ಲೆಕ್ಕವನ್ನು ಇನ್ನೊಮ್ಮೆ ಹಾಕಬೇಕು. ಬೆಲೆಯ ನಾಲ್ಕನೇ ಒಂದು ಭಾಗ ಕಮಿಷನ್ನಿಗೆ ಹೋಯಿತೆಂದರೆ ಎಪ್ಪತ್ತರಲ್ಲಿ ಉಳಿಯುವುದು ಮೂವತ್ತೆರಡೂವರೆ.)

ಪ್ರಶ್ನೆ ಈಗ ಖಚಿತವಾಯಿತು: 150 ರೂಪಾಯಿ ಕೊಟ್ಟು ಉಣ್ಣುವ ಐವತ್ತನಾಲ್ಕು ಜನ ದಿನವೂ ಸಿಗುತ್ತಾರೆಯೇ?

ಮೊದಲ ಹೆಜ್ಜೆ ಎಲ್ಲರೂ ಇಡುವಂಥದ್ದೇ. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಜಮಾನರು ಕೇಳಿದರು: "ಶನಿವಾರ ಮಧ್ಯಾಹ್ನ ಉತ್ತರ ಕರ್ನಾಟಕದ ಊಟ ಶುರು ಮಾಡೋ ವಿಚಾರ ಇದೆ. ಯಾರ್‍ಯಾರಿಗೆ ಆಸಕ್ತಿ?" ನಲವತ್ತೊಂದು ಹೆಬ್ಬೆಟ್ಟು ಬಿದ್ದವು. ಅವರ ಮನೆಯಲ್ಲಿ ಹಬ್ಬ. ಮರುವಾರ ಅದೇ ಗುಂಪಿಗೆ ಬೇರೆ ಮಾತು ಹಾಕಿದರು: "ಈ ಶನಿವಾರ ಜೋಳದ ರೊಟ್ಟಿ ಊಟ, 150 ರೂಪಾಯಿ. ಗುರುವಾರ ಸಂಜೆ ಏಳರೊಳಗೆ ಈ ನಂಬರಿಗೆ ಹಣ ಹಾಕಿದವರಿಗೆ ಮಾತ್ರ. ಶನಿವಾರ ಹನ್ನೆರಡೂವರೆಯಿಂದ ನಮ್ಮ ಮನೆಯಲ್ಲಿ ಡಬ್ಬಿ ತಗೊಳ್ಳಿ." ಒಂಬತ್ತು ಜನ ದುಡ್ಡು ಹಾಕಿದರು, ಹದಿನಾಲ್ಕು ಊಟಕ್ಕೆ. ಆ ಒಂಬತ್ತರಲ್ಲಿ ಆರು ಜನ ಎಳ್ಳ ಅಮಾವಾಸ್ಯೆಗೆ ಬಂದು ಉಂಡು ಹೋದವರೇ.

ಎರಡು ಸಂದೇಶಗಳ ನಡುವಿನ ವ್ಯತ್ಯಾಸ ಇಷ್ಟೆ. ಎರಡನೆಯದರಲ್ಲಿ ಬೆಲೆ ಇತ್ತು, ಗಡುವು ಇತ್ತು, ಹಣ ಮುಂಚೆಯೇ ಹೋಗಬೇಕಿತ್ತು. ಹೆಬ್ಬೆಟ್ಟು ಒತ್ತಿದವರಿಗೆ ಅದರಿಂದ ಏನೂ ಖರ್ಚಾಗಲಿಲ್ಲ, ಆದ್ದರಿಂದ ಅದರಿಂದ ತಿಳಿಯುವುದೂ ಏನೂ ಇಲ್ಲ. "ಶನಿವಾರ ಬಂದು ಕೊಡ್ತೀನಿ ಬಿಡಿ" ಅನ್ನುವವರನ್ನೂ ಲೆಕ್ಕಕ್ಕೆ ಹಿಡಿಯಬಾರದು. ಅವರಲ್ಲಿ ಕೆಲವರು ಬರುವುದಿಲ್ಲ, ಕಟ್ಟಿಟ್ಟ ಡಬ್ಬಿ ಮನೆಯವರೇ ಉಣ್ಣಬೇಕಾಗುತ್ತದೆ. ನೇರವಾಗಿ ಕೇಳುವುದಿದ್ದರೂ ಮುಂದೆ ಏನು ಮಾಡುತ್ತೀರಿ ಅಂತ ಕೇಳದೆ ಹಿಂದೆ ಏನು ಮಾಡಿದಿರಿ ಅಂತ ಕೇಳಬೇಕು. ರಾಬ್ ಫಿಟ್ಜ್‌ಪ್ಯಾಟ್ರಿಕ್ ಎಂಬವರು 'ದಿ ಮಾಮ್ ಟೆಸ್ಟ್' ಎಂಬ ಪುಸ್ತಕವನ್ನೇ ಈ ವಿಷಯಕ್ಕೆ ಬರೆದಿದ್ದಾರೆ. ಹೆತ್ತ ತಾಯಿಯೂ ಹೊಗಳಿ ದಾರಿ ತಪ್ಪಿಸಲಾಗದಂಥ ಪ್ರಶ್ನೆ ಕೇಳಿ ಅನ್ನುವುದು ಅದರ ತಿರುಳು. "ನಮ್ಮ ಊಟ ತಗೋತೀರಾ?" ಅಂದರೆ ಎಲ್ಲರೂ ಹೂಂ. "ಹೋದ ವಾರ ರೊಟ್ಟಿ ಎಲ್ಲಿ ತಂದ್ರಿ, ಎಷ್ಟು ಕೊಟ್ರಿ?" ಅಂದರೆ ನಿಜ ಹೊರಬೀಳುತ್ತದೆ. ತಂದೇ ಇಲ್ಲ ಅನ್ನುವವರು ನಿಮ್ಮಿಂದಲೂ ತರುವುದು ಅನುಮಾನ.

ಶುರುಮಾಡುವ ಮೊದಲೇ ಅವರು ಇನ್ನೆರಡು ಕೆಲಸ ಮುಗಿಸಿಕೊಂಡಿದ್ದರು. ಒಂದು, ಎಫ್‌ಎಸ್‌ಎಸ್‌ಎಐ ನೋಂದಣಿ. ಮನೆಯಲ್ಲಿ ಮಾಡಿ ಮಾರುವವರಿಗೂ ಅದು ಬೇಕು, "ಬರೀ ಟ್ರಯಲ್ ಮಾಡ್ತಾ ಇದ್ದೀವಿ" ಅನ್ನುವುದಕ್ಕೆ ವಿನಾಯಿತಿ ಇಲ್ಲ. ಸಣ್ಣ ವಹಿವಾಟಿನವರಿಗೆ ಶುಲ್ಕ ಅಲ್ಪ, ಅರ್ಜಿ ಆನ್‌ಲೈನಿನಲ್ಲೇ ಹಾಕಬಹುದು. ಎರಡನೆಯದು ಇನ್ನೂ ಮುಖ್ಯ. ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹೀಗೆ ಬರೆದು ಇಬ್ಬರೂ ಸಹಿ ಹಾಕಿದರು: ಆರು ಶನಿವಾರ ನೋಡುವುದು. ಆರನೆಯ ವಾರ ನಲವತ್ತು ಊಟ ದಾಟಿ, ಅದರಲ್ಲಿ ಅರ್ಧದಷ್ಟಾದರೂ ಎರಡನೆಯ ಸಲ ಕೊಂಡವರಿದ್ದರೆ ಅಂಗಡಿ. ಇಪ್ಪತ್ತೈದಕ್ಕಿಂತ ಕಡಿಮೆಯಾದರೆ ಅಂಗಡಿ ಇಲ್ಲ. ನಡುವೆ ಬಂದರೆ ಇನ್ನೊಂದು ತಿಂಗಳು. ಮೊದಲೇ ಬರೆದಿಡದಿದ್ದರೆ ಆಮೇಲೆ ಬಂದ ಅಂಕಿಗೆ ತಕ್ಕಂತೆ ನಮ್ಮ ಆಸೆ ಗೆರೆಯನ್ನು ಜರುಗಿಸಿಕೊಳ್ಳುತ್ತದೆ. ಇಪ್ಪತ್ತು ಬಂದರೆ "ಪರವಾಗಿಲ್ಲ, ಮಳೆ ಇತ್ತು" ಅನ್ನಿಸುತ್ತದೆ. ಬೆಂಗಳೂರಿನಲ್ಲಿ ಮಳೆಗೇನು ಬರ.

ಎರಡನೆಯ ವಾರ ಪಕ್ಕದ ಎರಡು ಅಪಾರ್ಟ್‌ಮೆಂಟುಗಳ ಗುಂಪಿಗೂ ಸುದ್ದಿ ಹೋಯಿತು. ಒಂದು ಪಿ.ಜಿ., ಒಂದು ಕಿರಾಣಿ ಅಂಗಡಿ, ಜೋಳ ಬೀಸುವ ಒಂದು ಗಿರಣಿಯಲ್ಲಿ ಚೀಟಿ ಅಂಟಿಸಿದರು. ಪ್ರತಿ ಕಡೆ ಬೇರೆ ಬೇರೆ ನಂಬರು ಕೊಟ್ಟಿದ್ದರಿಂದ ಯಾರು ಎಲ್ಲಿಂದ ಬಂದರು ಎಂಬುದು ತಿಳಿಯುತ್ತಿತ್ತು. ಗಿರಣಿಯ ಮೇಲೆ ಯಜಮಾನರಿಗೆ ಬಹಳ ಭರವಸೆ ಇತ್ತು, ಜೋಳ ಬೀಸಿಸುವವರೆಲ್ಲ ನಮ್ಮ ಕಡೆಯವರೇ ಅಂತ. ಅಲ್ಲಿಂದ ಒಬ್ಬರೂ ಬರಲಿಲ್ಲ. ಯೋಚಿಸಿದರೆ ಅದು ಸಹಜವೇ, ಹಿಟ್ಟು ಬೀಸಿಸುವವರು ಮನೆಯಲ್ಲಿ ರೊಟ್ಟಿ ಮಾಡುವವರು! ಪಿ.ಜಿ.ಯ ಹುಡುಗರು ಉತ್ಸಾಹದಿಂದ ಫೋನು ಮಾಡಿದರು, ಬೆಲೆ ಕೇಳಿ ಸುಮ್ಮನಾದರು. "ಅಂಕಲ್, ನೂರಕ್ಕ ಕೊಡ್ರಿ, ಇಪ್ಪತ್ತು ಮಂದಿ ಬರ್ತೀವಿ." ಆಸೆ ಹುಟ್ಟಿಸುವ ಮಾತೇ. ಆದರೆ ನೋಟ್‌ಬುಕ್ಕಿನಲ್ಲಿ ನೂರ ಎಂಬತ್ತೇಳು ಎಂಬ ಅಂಕಿ ಇತ್ತು.

ಆ ವಾರ ಇಪ್ಪತ್ತಾರು ಊಟ, ಮೂರನೆಯ ವಾರ ಮೂವತ್ತೊಂದು. ಇಲ್ಲಿ ಬಹಳ ಜನ ಮುಂಗಡ ಕೊಟ್ಟುಬಿಡುತ್ತಾರೆ. ಹದಿನಾಲ್ಕು, ಇಪ್ಪತ್ತಾರು, ಮೂವತ್ತೊಂದು ಅಂದರೆ ಏರುತ್ತಲೇ ಇದೆಯಲ್ಲ! ಆದರೆ ಏರಿದ್ದು ಹೊಸಬರಿಂದ. ಮೊದಲ ಸಲ ಕೊಳ್ಳುವವರಲ್ಲಿ ಬಹಳಷ್ಟು ಜನ ಕುತೂಹಲದ ಗಿರಾಕಿಗಳು. ಹೊಸ ಗುಂಪಿಗೆ ಸುದ್ದಿ ಹೋದಾಗಲೆಲ್ಲ ಅಂಕಿ ಏರುತ್ತದೆ, ಗುಂಪುಗಳು ಮುಗಿದ ಮೇಲೆ ಇಳಿಯುತ್ತದೆ. ನಾಲ್ಕನೆಯ ವಾರ ಹೊಸ ಕಡೆ ಎಲ್ಲೂ ಹೇಳದೆ ನೋಡಿದರು, ಇಪ್ಪತ್ತೆರಡಕ್ಕೆ ಬಂತು. ಕೊಂಡವರ ಒಟ್ಟು ಸಂಖ್ಯೆಗಿಂತ ಎರಡನೆಯ ಸಲ ಕೊಂಡವರ ಸಂಖ್ಯೆ ಮುಖ್ಯ ಎನ್ನುವುದು ಇದಕ್ಕೇ. ಅಂಗಡಿಯ ಬಾಡಿಗೆ ಕಟ್ಟುವುದು ಆ ಎರಡನೆಯ ಸಲದ ಗಿರಾಕಿ.

ಐದನೆಯ ವಾರ ಮನೆಯವರು ಒಂದು ಉಪಾಯ ಮಾಡಿದರು. ನನ್ನ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಅದೇ ಜಾಣತನದ್ದು. ಶನಿವಾರ ಬೆಳಿಗ್ಗೆ ಐದಕ್ಕೆ ಕೂತರೆ ಅರವತ್ತೆಪ್ಪತ್ತು ರೊಟ್ಟಿ ಬಡಿಯುವಷ್ಟರಲ್ಲೇ ಅವರ ರಟ್ಟೆ ಬಿದ್ದುಹೋಗುತ್ತಿತ್ತು. ದಿನಕ್ಕೆ ಐವತ್ತನಾಲ್ಕು ಊಟವೆಂದರೆ ನೂರ ಅರವತ್ತೆರಡು ರೊಟ್ಟಿ. ಅದು ಒಬ್ಬರ ಕೈಲಿ ಆಗುವ ಕೆಲಸವಲ್ಲ. ಖಾನಾವಳಿಯಲ್ಲಿ ರೊಟ್ಟಿ ಬಡಿಯುವವರು ಸಂಬಳದವರೇ ಆಗಿರುತ್ತಾರೆ. ಹಾಗಿದ್ದರೆ ಜನ ದುಡ್ಡು ಕೊಡುತ್ತಿರುವುದು ರೊಟ್ಟಿಗೋ, ಈ ವೈನಿಯ ಕೈಗೋ? ಆ ಶನಿವಾರ ದಿನಗೂಲಿಗೆ ಒಬ್ಬ ಹೆಂಗಸನ್ನು ಕರೆಸಿ, ಹಿಟ್ಟಿಗೆ ಕುದಿಯುವ ನೀರು ಎಷ್ಟು, ಎಷ್ಟು ಹೊತ್ತು ನಾದಬೇಕು ಅಂತ ಹೇಳಿಕೊಟ್ಟು, ತಾವು ಹಂಚಿನ ಹತ್ತಿರ ಹೋಗಲಿಲ್ಲ. ಗಿರಾಕಿಗಳಿಗೂ ಹೇಳಲಿಲ್ಲ. ಇಪ್ಪತ್ತನಾಲ್ಕು ಊಟ ಹೋದವು. ಇಬ್ಬರು ಫೋನು ಮಾಡಿ "ರೊಟ್ಟಿ ಸ್ವಲ್ಪ ದಪ್ಪ ಇತ್ತು, ಅಂಚು ಒಡೆದಿತ್ತು" ಅಂದರು. ಉಳಿದವರು ಏನೂ ಅನ್ನಲಿಲ್ಲ. ಏನೂ ಅನ್ನದಿದ್ದರೆ ಸಂತೋಷವಾಯಿತು ಅಂತಲ್ಲ, ಮರುವಾರ ಬರುತ್ತಾರೋ ನೋಡಬೇಕು. ಆರನೆಯ ವಾರ ಇಪ್ಪತ್ತಮೂರು ಊಟ ಹೋದವು, ಅಂದರೆ ಕೈ ಬದಲಾದದ್ದರಿಂದ ದೊಡ್ಡ ಪೆಟ್ಟೇನೂ ಬೀಳಲಿಲ್ಲ.

ಲೆಕ್ಕ ನೋಡೋಣ. ಆರು ವಾರದಲ್ಲಿ ಐವತ್ತೆಂಟು ಜನ ಕೊಂಡರು, ಅವರಲ್ಲಿ ಎರಡನೆಯ ಸಲ ಕೊಂಡವರು ಹತ್ತೊಂಬತ್ತು. ಕೊನೆಯ ವಾರದ ಇಪ್ಪತ್ತಮೂರು ಊಟ, ಬರೆದಿಟ್ಟ ಇಪ್ಪತ್ತೈದಕ್ಕಿಂತ ಕೆಳಗೆ. ಅದೂ ವಾರಕ್ಕೊಂದೇ ದಿನ, ರಜೆಯ ದಿನ. ಅಂಗಡಿಗೆ ಬೇಕಾದದ್ದು ದಿನಾ ಐವತ್ತನಾಲ್ಕು, ಮಂಗಳವಾರವೂ. ಯಜಮಾನರು ಒಂದೆರಡು ದಿನ ಮುಖ ಸಪ್ಪೆ ಮಾಡಿಕೊಂಡಿದ್ದರು. ಚೀಟಿ, ಕೂಲಿ ಎಲ್ಲ ಸೇರಿ ಪರೀಕ್ಷೆಗೆ ಖರ್ಚಾಗಿದ್ದು ಐದು ಸಾವಿರದಷ್ಟು, ಮತ್ತೆ ಆರು ಶನಿವಾರದ ಮೈಕೈ ನೋವು.

ಈ ಪರೀಕ್ಷೆಗೂ ಮಿತಿ ಇದೆ, ಅದನ್ನೂ ಹೇಳಬೇಕು. ಮುಂಚೆ ದುಡ್ಡು ಹಾಕಿಸಿಕೊಂಡು ಮನೆಯಿಂದ ಡಬ್ಬಿ ಕೊಟ್ಟರೆ, ರಸ್ತೆಯಲ್ಲಿ ಹೋಗುತ್ತ ಹಸಿವಾಗಿ ಒಳಗೆ ಬರುವ ಗಿರಾಕಿಯ ಬಗ್ಗೆ ಏನೂ ತಿಳಿಯುವುದಿಲ್ಲ. ಮುಖ್ಯರಸ್ತೆಯ ಖಾನಾವಳಿ ಬದುಕುವುದು ಅಂಥವರಿಂದಲೇ. ಅದನ್ನು ನೋಡಬೇಕಿದ್ದರೆ ಅದೇ ರಸ್ತೆಯಲ್ಲಿ ಈಗಾಗಲೇ ನಡೆಯುತ್ತಿರುವ ಹೋಟೆಲಿನವರೊಂದಿಗೆ ಮಾತಾಡಿ, ವಾರದ ನಡುವೆ ಎರಡು ದಿನ "ಜೋಳದ ರೊಟ್ಟಿ ಊಟ, 150" ಅಂತ ಹೊರಗೆ ಹಲಗೆ ಹಾಕಿಸಿ, ಬಂದದ್ದರಲ್ಲಿ ಪಾಲು ಕೊಟ್ಟು ನೋಡಬಹುದು. ಈ ದಂಪತಿಯೂ ಅದನ್ನು ಮಾಡಬಹುದಿತ್ತು. ಮಾಡಲಿಲ್ಲ, ಏಕೆಂದರೆ ಅಷ್ಟರಲ್ಲಿ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬೇರೊಂದು ವಿಷಯ ಕಣ್ಣಿಗೆ ಬಿದ್ದಿತ್ತು.

ಮೂರನೆಯ ವಾರ ನಾಲ್ಕು ಜನ ಕೇಳಿದ್ದರು: "ಊಟ ಬೇಡ, ಬರೀ ಹತ್ತು ರೊಟ್ಟಿ ಕೊಡ್ತೀರಾ?" ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳು. ಪಲ್ಯ ಸಾರು ಅವರೇ ಮಾಡಿಕೊಳ್ಳುತ್ತಾರೆ, ರೊಟ್ಟಿ ಬಡಿಯಲು ಬರುವುದಿಲ್ಲ ಅಥವಾ ಪುರುಸೊತ್ತಿಲ್ಲ. ಯಾರೂ ಪ್ರಚಾರ ಮಾಡದೆ ಆರನೆಯ ವಾರಕ್ಕೆ ಅದು ಹದಿನೇಳು ಜನಕ್ಕೆ ಮುಟ್ಟಿತ್ತು, ಅವರಲ್ಲಿ ಹದಿಮೂರು ಮಂದಿ ಹಿಂದಿನ ವಾರವೂ ಕೊಂಡವರು. ಊಟದ ಗಿರಾಕಿಯಲ್ಲಿ ಮೂವರಿಗೊಬ್ಬರು ತಿರುಗಿ ಬಂದರೆ, ರೊಟ್ಟಿಯ ಗಿರಾಕಿಯಲ್ಲಿ ಬಹುಪಾಲು ತಿರುಗಿ ಬಂದಿದ್ದರು. ಬೆಲೆ ಹತ್ತಕ್ಕೆ 120, ಒಬ್ಬರೂ ಚೌಕಾಸಿ ಮಾಡಿರಲಿಲ್ಲ. ಇದಕ್ಕೆ ಮುಖ್ಯರಸ್ತೆಯ ಅಂಗಡಿ ಬೇಡ, ಟೈಲ್ಸು ಬೇಡ, ಎಣ್ಣೆಗಾಯಿ ಹಳಸುವ ಭಯವೂ ಇಲ್ಲ.

ಆದರೆ ಮೆತ್ತನೆಯ ರೊಟ್ಟಿ ಮರುದಿನಕ್ಕೆ ಬಿರುಸಾಗುತ್ತದೆ, ಶನಿವಾರ ಬಿಟ್ಟು ಬೇರೆ ದಿನ ಮಾರುವುದು ಕಷ್ಟ. ಹಾಗಾಗಿ ಖಡಕ್ ರೊಟ್ಟಿಯನ್ನು ಅಂಗಡಿಗಳ ಮೂಲಕ ಮಾರಿ ನೋಡೋಣ ಅಂತ ಹೊರಟರು. ತಮ್ಮ ಅಂಗಡಿ ತೆರೆಯದೆ ಇರುವ ಅಂಗಡಿಗಳಲ್ಲಿ ಇಟ್ಟು ನೋಡುವುದು ಬೆಂಗಳೂರಿಗೆ ಹೊಸದಲ್ಲ. ಐಡಿ ಫ್ರೆಶ್ ಫುಡ್‌ನ ಪಿ.ಸಿ. ಮುಸ್ತಫಾ ಮತ್ತು ಅವರ ಸೋದರ ಸಂಬಂಧಿಗಳು 2005ರಲ್ಲಿ ಐವತ್ತು ಚದರಡಿಯ ಕೋಣೆಯಲ್ಲಿ ಇಡ್ಲಿ ದೋಸೆ ಹಿಟ್ಟು ರುಬ್ಬಿ, ಸುತ್ತಮುತ್ತಲ ಅಂಗಡಿಗಳಿಗೆ ಕೊಟ್ಟೇ ಶುರುಮಾಡಿದ್ದು. ದಿನಕ್ಕೆ ನೂರು ಪ್ಯಾಕೆಟ್ ಮುಟ್ಟಲು ಅವರಿಗೂ ತಿಂಗಳುಗಳೇ ಹಿಡಿದವು.

ಅಂಗಡಿಯವರ ವಿಷಯದಲ್ಲೂ ನಿಯಮ ಅದೇ. "ಇಟ್ಟು ಹೋಗಿ, ಹೋದ ಮೇಲೆ ದುಡ್ಡು ಕೊಡ್ತೀನಿ" ಅನ್ನುವುದು ವಾಟ್ಸ್‌ಆ್ಯಪ್ ಹೆಬ್ಬೆಟ್ಟಿನ ಇನ್ನೊಂದು ರೂಪ. ಅಂಗಡಿಯವನಿಗೆ ಅದರಲ್ಲಿ ನಷ್ಟವಿಲ್ಲ, ಪ್ಯಾಕೆಟ್ಟು ಮೂಲೆಯಲ್ಲಿ ಬಿದ್ದಿರುತ್ತದೆ. ಮೊದಲ ವಾರ ಹಾಗೆ ಇಟ್ಟರೂ, ಎರಡನೆಯ ವಾರ ಅವನು ನಗದು ಕೊಟ್ಟು ಎತ್ತಿಕೊಳ್ಳುತ್ತಾನೋ ನೋಡಬೇಕು. ದಂಪತಿ ಎರಡು ಅಂಗಡಿಗೆ ಹತ್ತು ರೊಟ್ಟಿಯ ಪ್ಯಾಕೆಟ್ಟನ್ನು ಎಂಬತ್ತಕ್ಕೆ ಕೊಟ್ಟರು, ಅವರು ನೂರಕ್ಕೆ ಮಾರಬೇಕು. ಹಿಟ್ಟಿಗೆ ಇಪ್ಪತ್ತನಾಲ್ಕು, ಗ್ಯಾಸಿಗೆ ಎಂಟು, ಬಡಿದವರ ಕೂಲಿ ಇಪ್ಪತ್ತೈದು, ಕವರಿಗೆ ಐದು ಕಳೆದರೆ ಪ್ಯಾಕೆಟ್ಟಿಗೆ ಹದಿನೆಂಟು ಉಳಿಯುತ್ತದೆ. ಒಂದು ಅಂಗಡಿಯವನು ಎರಡನೆಯ ವಾರ "ಬೇಡ ಸಾರ್" ಅಂದ. ಇನ್ನೊಬ್ಬ ಇಪ್ಪತ್ತು ಪ್ಯಾಕೆಟ್ಟಿಗೆ ನಗದು ಎಣಿಸಿದ, ಮೂರು ದಿನದಲ್ಲಿ ಫೋನೂ ಮಾಡಿದ. ಹದಿನಾಲ್ಕು ಹೋಗಿವೆ, ಆರು ಪ್ಯಾಕೆಟ್ಟಿನಲ್ಲಿ ರೊಟ್ಟಿ ಮುರಿದು ಚೂರಾಗಿದೆ, ಬದಲಿಸಿ ಕೊಡಿ ಅಂತ. ಆರು ಪ್ಯಾಕೆಟ್ ಬದಲಿಸಿದರೆ ಇಪ್ಪತ್ತರ ಲಾಭ ಪೂರ್ತಿ ಹೋಗಿ ಮೇಲೆ ಕೈಯಿಂದ ಹನ್ನೆರಡು ರೂಪಾಯಿ ಬೀಳುತ್ತದೆ. ಈಗ ಅವರು ನೋಡುತ್ತಿರುವುದು ರಟ್ಟಿನ ಡಬ್ಬಿ, ಒಂದಕ್ಕೆ ಒಂಬತ್ತು ರೂಪಾಯಿ. ಅದನ್ನು ಸೇರಿಸಿ 110 ಮಾಡಿದರೆ ಜನ ಕೊಳ್ಳುತ್ತಾರೋ ಇಲ್ಲವೋ ಎಂಬುದಕ್ಕೆ ಅದೇ ಅಂಗಡಿಯಲ್ಲಿ ಮುಂದಿನ ನಾಲ್ಕು ವಾರ ಗೊತ್ತು ಮಾಡಿಕೊಂಡಿದ್ದಾರೆ. ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಗೆರೆಯನ್ನೂ ಎಳೆದಿದ್ದಾರೆ: ವಾರಕ್ಕೆ ಮೂವತ್ತು ಡಬ್ಬಿ, ನಗದು.